ಯಾವ ಕೋಳಿಯನ್ನು ಕೊಯ್ದು ನೋಡಬೇಕು?

ಅಜ್ಜಿ ಬಿದಿರು ಬುಟ್ಟಿಯ ಮೇಲಿನ ಗೋಣಿ ಸರಿಸಿದಾಗ ಒಳಗಿದ್ದ ಹ್ಯಾಟೆಯ ತಲೆ ತಲೆಕೆಳಗಾಗಿತ್ತು. ಕತ್ತು ಹಗ್ಗ ಹೊಸೆದ ಹಾಗೆ ತಿರುಚಿಕೊಂಡು, ಕೊಕ್ಕು ಆಕಾಶ ನೋಡುತ್ತಿತ್ತು. ಮುಟ್ಟಿದರೆ ಇನ್ನಷ್ಟು ತಿರುಚಿಕೊಂಡು ಹಿಂದಕ್ಕೆ ಉರುಳುತ್ತಿತ್ತು. "ಯಾರೋ ಏನೋ ಮಾಡ್ಸವ್ರೆ ಸಾ. ಇದನ್ನೇ ಕುಯ್ದು ನೋಡಿ, ಏನೈತೆ ಅಂತ ಗೊತ್ತಾಗ್ಲಿ" ಅಂದರು. ಮನೆಯಲ್ಲಿ ಮರಿಗಳೂ ಸೇರಿ 26 ನಾಟಿ ಕೋಳಿಗಳಿದ್ದವಂತೆ. ಹತ್ತು ದಿನದಲ್ಲಿ 19 ಸತ್ತು, ಉಳಿದ ಏಳರಲ್ಲಿ ಎರಡಕ್ಕೆ ಹೀಗೆ ಕತ್ತು ತಿರುಗಿತ್ತು.

"ಇದು ಬೇಡಮ್ಮ. ಈವತ್ತು ಸತ್ತಿರೋದು ಯಾವುದಾದರೂ ಇದೆಯಾ?" ಎಂದೆ. ಬೆಳಗಿನ ಜಾವ ಸತ್ತದ್ದೊಂದು ಇತ್ತು, ತಿಪ್ಪೆಗೆ ಎಸೆಯಲು ಇಟ್ಟಿದ್ದರು. ಅದರ ಹಿಂಭಾಗದ ಪುಕ್ಕಕ್ಕೆ ಕಡು ಹಸಿರು ಹಿಕ್ಕೆ ಮೆತ್ತಿಕೊಂಡಿತ್ತು. ನನಗೆ ಬೇಕಿದ್ದದ್ದು ಅದೇ.

ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಾಗಿದ್ದರೆ ನಾನೂ ಬುಟ್ಟಿಯ ಕೋಳಿಯನ್ನೇ ಕೊಯ್ಯುತ್ತಿದ್ದೆ. ಒಮ್ಮೆ ಹಾಗೆ ಮಾಡಿಯೂ ಇದ್ದೇನೆ. ಕತ್ತು ತಿರುಚಿದ ಹುಂಜವೊಂದನ್ನು ಗಂಟಲಿಂದ ಗುದದವರೆಗೆ ಬಿಡಿಸಿ ನೋಡಿದರೂ ಒಂದು ಕೆಂಪು ಚುಕ್ಕೆ ಸಿಗಲಿಲ್ಲ. ಕರುಳು, ಗುಲ್ಮ, ಶ್ವಾಸನಾಳ ಎಲ್ಲವೂ ನಿರ್ಮಲ. ತಲೆಬುರುಡೆ ತೆರೆದರೆ ಮೆದುಳೂ ನಯವಾಗಿಯೇ ಇತ್ತು. ಬಿ1 ವಿಟಮಿನ್ ಕೊರತೆ ಎಂದು ಚೀಟಿ ಬರೆದೆ. ಆ ವಾರ ಮುಗಿಯುವಷ್ಟರಲ್ಲಿ ಪಕ್ಕದ ಬೀದಿಯ ಕೋಳಿಗೂಡುಗಳು ಖಾಲಿಯಾದವು.

ಆ ದಿನ ನನಗೆ ತಿಳಿಯದೆ ಹೋದದ್ದು ಇಷ್ಟು: ಹಸಿರು ಭೇದಿಯೂ ತಿರುಚಿದ ಕತ್ತೂ ಒಂದೇ ವೈರಸ್ಸಿನ ಕೆಲಸವಾದರೂ ಅವು ಕಾಣಿಸುವುದು ಬೇರೆ ಬೇರೆ ಹೊತ್ತಿನಲ್ಲಿ. ಬಹುಮಟ್ಟಿಗೆ ಬೇರೆ ಬೇರೆ ಕೋಳಿಗಳಲ್ಲಿ. ಹಸಿರು ಹಾಕಿಕೊಂಡು ಎರಡು ಮೂರು ದಿನದಲ್ಲಿ ಸಾಯುವ ಕೋಳಿಯ ಹೊಟ್ಟೆಯಲ್ಲಿ ಸಾಕ್ಷಿ ತುಂಬಿರುತ್ತದೆ. ಸಾಯದೆ ದಾಟಿಕೊಂಡ ಕೋಳಿಯಲ್ಲಿ ಹೊಟ್ಟೆ ವಾಸಿಯಾಗಿರುತ್ತದೆ, ಮೆದುಳಿನ ಗಾಯ ಮಾತ್ರ ಉಳಿದಿರುತ್ತದೆ. ಆ ಗಾಯ ಕಣ್ಣಿಗೆ ಕಾಣುವುದಿಲ್ಲ, ಸೂಕ್ಷ್ಮದರ್ಶಕವೇ ಬೇಕು.

ನಮ್ಮಲ್ಲಿ ಇದನ್ನು ಕೊಕ್ಕರೆ ರೋಗ ಎನ್ನುತ್ತಾರೆ, ಪುಸ್ತಕಗಳಲ್ಲಿ ರಾಣಿಖೇತ್ ರೋಗ. ಹೊರದೇಶಗಳಲ್ಲಿ ಇದರ ಹೆಸರು ನ್ಯೂಕ್ಯಾಸಲ್ ರೋಗ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿಯೂ ಇದನ್ನು ಗುರುತಿಸಿದರು. ಅದಾದ ಸ್ವಲ್ಪ ಸಮಯದಲ್ಲೇ ಕುಮಾವೂ ಬೆಟ್ಟದ ರಾಣಿಖೇತದಲ್ಲಿ ಕಾಣಿಸಿಕೊಂಡಿತು. ಪಾಪದ ಊರು, ಕೋಳಿ ಸತ್ತಾಗಲೆಲ್ಲ ಅದರ ಹೆಸರು ಬರುತ್ತದೆ.

ಮೊದಲು ಆ ಹಸಿರಿನ ವಿಷಯ. ಅದು ವೈರಸ್ಸಿನ ಬಣ್ಣವಲ್ಲ, ಸೊಪ್ಪು ತಿಂದದ್ದರಿಂದ ಬಂದದ್ದೂ ಅಲ್ಲ. ನಮ್ಮ ಪಿತ್ತರಸ ಹಳದಿ, ಕೋಳಿಯದು ಹಸಿರು. ಹಸಿರು ಬಣ್ಣದ ಬಿಲಿವರ್ಡಿನ್ ಅನ್ನು ನಮ್ಮ ದೇಹ ಹಳದಿ ಬಿಲಿರುಬಿನ್ ಆಗಿ ಬದಲಾಯಿಸುತ್ತದೆ, ಕೋಳಿಯಲ್ಲಿ ಆ ಕೆಲಸ ಹೆಚ್ಚುಕಡಿಮೆ ನಡೆಯುವುದೇ ಇಲ್ಲ. ರೋಗ ಬಂದ ಕೋಳಿ ಕಾಳು ಬಿಡುತ್ತದೆ. ಕರುಳಲ್ಲಿ ಮೇವಿಲ್ಲದಿದ್ದರೂ ಪಿತ್ತ ಸುರಿಯುತ್ತಲೇ ಇರುತ್ತದೆ. ಮೇವಿನ ಬಣ್ಣ ಬೆರೆಯದ ಆ ಪಿತ್ತ, ಮೂತ್ರದ ಬಿಳಿ ಸುಣ್ಣದಂಥ ಅಂಶದ ಜೊತೆ ಹಸಿರಾಗಿ ಹೊರಬರುತ್ತದೆ. ಆದ್ದರಿಂದ ಹಸಿರು ಹಿಕ್ಕೆ ಕಂಡರೆ ಅದು ಹೇಳುವುದು "ನಾನು ತಿಂದಿಲ್ಲ" ಎಂದು ಮಾತ್ರ. ಪಾಸ್ಚುರೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ ಕೋಳಿ ಕಾಲರಾದಲ್ಲೂ ಹಸಿರು ಕಾಣುತ್ತದೆ, ಹಕ್ಕಿಜ್ವರದಲ್ಲೂ ಕಾಣುತ್ತದೆ. ಬರೀ ಹಸಿರು ನೋಡಿ ರೋಗದ ಹೆಸರು ಹೇಳುವವರನ್ನು ನಾನು ನಂಬುವುದಿಲ್ಲ.

ಸತ್ತ ಕೋಳಿಯನ್ನು ಮುಟ್ಟುವ ಮುನ್ನ ಒಂದು ಅಳುಕು ಇದ್ದೇ ಇರುತ್ತದೆ. ಹಕ್ಕಿಜ್ವರವೂ ಹೀಗೇ ಹಿಂಡನ್ನು ಗುಡಿಸಿ ಹಾಕುತ್ತದೆ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಅದು ಬಂದದ್ದು ನಮಗೆಲ್ಲ ನೆನಪಿದೆ. ಜುಟ್ಟು ನೀಲಿಗಟ್ಟಿ ಮುಖ ಊದಿದ್ದರೆ, ಕಾಲಿನ ಚಿಪ್ಪುಚರ್ಮದಡಿ ರಕ್ತ ಹೆಪ್ಪುಗಟ್ಟಿದ್ದರೆ, ಬಾತುಕೋಳಿ ಕಾಗೆಗಳೂ ಸಾಯುತ್ತಿದ್ದರೆ ನಾನು ಅಂಗಳದಲ್ಲಿ ಚಾಕು ಎತ್ತುವುದಿಲ್ಲ. ಹೆಣವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯಲ್ಲಿಟ್ಟು ಹಾಗೆಯೇ ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಇಲ್ಲಿ ಅವು ಯಾವುವೂ ಇರಲಿಲ್ಲ. ಇಲ್ಲದಿದ್ದ ಮಾತ್ರಕ್ಕೆ ಹಕ್ಕಿಜ್ವರ ಅಲ್ಲವೆಂದು ಕಣ್ಣಿನಿಂದ ತೀರ್ಮಾನಿಸಲು ಬರುವುದಿಲ್ಲ. ಕೈಗವಸು, ಮಾಸ್ಕ್, ಕನ್ನಡಕ ಹಾಕಿಕೊಂಡೆ. ಮಕ್ಕಳನ್ನು ದೂರ ಕಳಿಸಿ, ಪುಕ್ಕದ ದೂಳು ಏಳದಂತೆ ಸೋಪಿನ ನೀರಿನಲ್ಲಿ ಹೆಣವನ್ನು ಅದ್ದಿದೆ.

ಶ್ವಾಸನಾಳವನ್ನು ಉದ್ದಕ್ಕೆ ಸೀಳಿದಾಗ ಒಳಗೋಡೆ ಕೆಂಪಾಗಿ, ಲೋಳೆ ಕಟ್ಟಿಕೊಂಡಿತ್ತು. ಅದೊಂದೇ ಆದರೆ ಹತ್ತು ರೋಗಗಳಲ್ಲಿ ಸಿಗುತ್ತದೆ. ಕೋಳಿಗೆ ಹೊಟ್ಟೆ ಎರಡು. ಕಾಳು ಅರೆಯುವ ಗಟ್ಟಿ ಹೊಟ್ಟೆ ಹಿಂದೆ, ಅದಕ್ಕೂ ಮುಂಚೆ ಜೀರ್ಣರಸ ಸುರಿಸುವ ಮೆತ್ತನೆಯ ಚಿಕ್ಕ ಹೊಟ್ಟೆ. ಈ ಚಿಕ್ಕದನ್ನು ಸೀಳಿ ನೀರಿನಲ್ಲಿ ಮೆಲ್ಲಗೆ ತೊಳೆದರೆ ಒಳಗೆ ರಾಗಿಕಾಳಿನ ಗಾತ್ರದ ಉಬ್ಬುಗಳ ಸಾಲು ಕಾಣುತ್ತದೆ. ಪ್ರತಿ ಉಬ್ಬಿನ ತುದಿಯಲ್ಲಿ ಒಂದು ಗ್ರಂಥಿಯ ಬಾಯಿ. ಆ ತುದಿಗಳು ಕುಂಕುಮದ ಕಡ್ಡಿ ಅದ್ದಿ ಚುಕ್ಕೆ ಇಟ್ಟಂತೆ ರಕ್ತ ಸೋರಿ ಕೆಂಪಾಗಿದ್ದವು. ಉಜ್ಜಿದರೂ ಹೋಗಲಿಲ್ಲ. ಉಜ್ಜಿ ನೋಡುವುದು ಮುಖ್ಯ, ಕೊಯ್ಯುವಾಗ ಸಿಡಿದ ರಕ್ತ ಎಷ್ಟೋ ಸಲ ಮೋಸ ಮಾಡುತ್ತದೆ.

ಕರುಳಿನ ಕೊನೆಯ ಭಾಗದಲ್ಲಿ ಎರಡು ಕುರುಡುಕರುಳುಗಳು ಕವಲೊಡೆಯುವ ಜಾಗದಲ್ಲಿ, ನಮ್ಮ ಗಂಟಲಿನ ಟಾನ್ಸಿಲ್ ಇದ್ದ ಹಾಗೆ ಒಂದೊಂದು ಗಂಟು ಇರುತ್ತದೆ. ಅವು ಊದಿ, ಹೊರಗಿನಿಂದಲೇ ಕಪ್ಪುಗೆಂಪಾಗಿ ಕಂಡವು. ಸಣ್ಣ ಕರುಳಿನ ಒಳಗೋಡೆಯಲ್ಲಿ ಅಂಗಿ ಗುಂಡಿಯಂತೆ ಎದ್ದ ಮೂರು ಹುಣ್ಣುಗಳಿದ್ದವು. ಗುಲ್ಮದ ಮೇಲೆ ಬಿಳಿ ಚುಕ್ಕೆಗಳು. ಇವಿಷ್ಟೂ ಜಾಗಗಳಿಗೆ ಒಂದು ಸಂಬಂಧವಿದೆ: ಎಲ್ಲವೂ ರೋಗ ತಡೆಯುವ ಜೀವಕೋಶಗಳು ಗುಂಪಾಗಿರುವ ಠಾಣೆಗಳು. ವೈರಸ್ ಆ ಠಾಣೆಯೊಳಗೇ ಬೆಳೆದು ಅದನ್ನು ಕೊಳೆಸುತ್ತದೆ, ಸುತ್ತಲಿನ ರಕ್ತನಾಳ ಒಡೆಯುತ್ತದೆ.

ಹೊಟ್ಟೆಯಲ್ಲಿ ಹೀಗೆ ಮಾಡುವ ವೈರಸ್ ಮೆದುಳಿಗೂ ಹೋಗುವುದು ಹೇಗೆ? ಉತ್ತರ ಒಂದು ಬೀಗದಲ್ಲಿದೆ. ಜೀವಕೋಶದ ಒಳಹೊಗಲು ಈ ವೈರಸ್ಸಿಗೆ ಎಫ್ ಎಂಬ ಪ್ರೋಟೀನ್ ಬೇಕು. ಅದು ಹುಟ್ಟುವಾಗ ಕತ್ತರಿಸದ ದಾರದಂತಿರುತ್ತದೆ. ಕೋಳಿಯದೇ ಕಿಣ್ವವೊಂದು ಅದನ್ನು ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಸೌಮ್ಯ ತಳಿಗಳ ಎಫ್ ಪ್ರೋಟೀನನ್ನು ಕತ್ತರಿಸಬಲ್ಲ ಕಿಣ್ವ ಉಸಿರಾಟದ ದಾರಿಯಲ್ಲಿ ಮತ್ತು ಕರುಳಿನಲ್ಲಷ್ಟೇ ಇದೆ, ಹಾಗಾಗಿ ಅವು ಅಲ್ಲೇ ಸುತ್ತಾಡಿ ಸುಮ್ಮನಾಗುತ್ತವೆ. ಉಗ್ರ ತಳಿಗಳಲ್ಲಿ ಕತ್ತರಿಸುವ ಜಾಗದಲ್ಲಿ ಆರ್ಜಿನಿನ್, ಲೈಸಿನ್ ಎಂಬ ಅಮೈನೋ ಆಮ್ಲಗಳು ಗುಂಪಾಗಿ ಕೂತಿರುತ್ತವೆ. ಅದನ್ನು ಕತ್ತರಿಸುವ ಫ್ಯೂರಿನ್ ಕಿಣ್ವ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಉಂಟು. ಬೆರಳೆಣಿಕೆಯ ಅಮೈನೋ ಆಮ್ಲಗಳ ವ್ಯತ್ಯಾಸದಿಂದ ಇಡೀ ಕೋಳಿಯ ಬಾಗಿಲುಗಳು ತೆರೆದುಕೊಳ್ಳುತ್ತವೆ. ಕಿರುಮೆದುಳಿನಲ್ಲಿ ನಡಿಗೆಯ ಸಮತೋಲ ನೋಡಿಕೊಳ್ಳುವ ನರಕೋಶಗಳು ಸತ್ತರೆ ತಲೆ ಎತ್ತ ಇದೆ ಎಂಬ ಲೆಕ್ಕವೇ ಕೋಳಿಗೆ ತಪ್ಪುತ್ತದೆ.

ಕತ್ತು ತಿರುಗುವುದಕ್ಕೆ ಬೇರೆ ಕಾರಣಗಳೂ ಇವೆ. ಬಿ1 ಕೊರತೆಯಾದರೆ ಕೋಳಿ ತಲೆಯನ್ನು ನೇರ ಹಿಂದಕ್ಕೆ ಬಾಗಿಸಿ ನಕ್ಷತ್ರ ನೋಡುತ್ತದೆ, ವಿಟಮಿನ್ ಕೊಟ್ಟರೆ ಬೇಗ ಚೇತರಿಸುತ್ತದೆ. ಕೊಳೆತ ಹೆಣದ ಹುಳ ತಿಂದು ಬಾಟುಲಿಸಂ ಎಂಬ ವಿಷಬಾಧೆ ಆದರೆ ಕತ್ತು ತಿರುಚುವುದಿಲ್ಲ, ಬಟ್ಟೆಯಂತೆ ಜೋತು ಬೀಳುತ್ತದೆ. ಮಾರೆಕ್ ರೋಗದಲ್ಲಿ ಸಾಮಾನ್ಯವಾಗಿ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿರುತ್ತದೆ. ಅವು ಯಾವುವೂ ಹತ್ತು ದಿನದಲ್ಲಿ ಹಸಿರು ಹಾಕಿಸಿ, ಚಿಕ್ಕ ಹೊಟ್ಟೆಯ ಗ್ರಂಥಿಗಳಿಗೆ ಕುಂಕುಮ ಇಟ್ಟು, 19 ಕೋಳಿ ಕೊಲ್ಲುವುದಿಲ್ಲ.

ಇಷ್ಟಾದರೂ ಅಂಗಳದಲ್ಲಿ ಸಿಗುವುದು ಬಲವಾದ ಅನುಮಾನ ಮಾತ್ರ. ಸತ್ತ ಕೋಳಿಯ ಗುಲ್ಮ, ಕುರುಡುಕರುಳಿನ ಗಂಟು, ಮೆದುಳಿನ ಒಂದು ತುಂಡು, ಬದುಕಿದ್ದವುಗಳ ಗಂಟಲು ಮತ್ತು ಗುದದ ದ್ರವ ಮಂಜುಗಡ್ಡೆಯಲ್ಲಿ ಹೋದವು. ಪ್ರಯೋಗಾಲಯದಲ್ಲಿ ಅದನ್ನು ಒಂಬತ್ತು ಹತ್ತು ದಿನ ಕಾವು ಕೊಟ್ಟ ಮೊಟ್ಟೆಗೆ ಚುಚ್ಚಿ ವೈರಸ್ ಬೆಳೆಸುತ್ತಾರೆ, ಅಥವಾ ಆರ್‌ಟಿ‑ಪಿಸಿಆರ್‌ನಿಂದ ಎಫ್ ಪ್ರೋಟೀನಿನ ಜೀನನ್ನೇ ಹುಡುಕುತ್ತಾರೆ. ಉತ್ತರ ರಾಣಿಖೇತ್ ಎಂದೇ ಬಂತು, ಹಕ್ಕಿಜ್ವರ ಇರಲಿಲ್ಲ. ಕತ್ತು ತಿರುಚಿದ ಹ್ಯಾಟೆಯೂ ಕೊಯ್ಯದೆಯೇ ಸಾಕ್ಷಿ ಹೇಳಿತು. ಎಂದೂ ಲಸಿಕೆ ಕಾಣದ ಅದರ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ತುಂಬಿದ್ದವು.

ರೋಗ ಎಲ್ಲಿಂದ ಬಂತೆಂದು ಕೇಳಿದಾಗ ಮನೆಯವರು ಮೊದಲು ಮುಖ ಮುಖ ನೋಡಿಕೊಂಡರು. ಹಬ್ಬಕ್ಕೆಂದು ಸಂತೆಯಿಂದ ಒಂದು ಹ್ಯಾಟೆ ತಂದು ಅದೇ ಅಂಗಳದಲ್ಲಿ ಕಟ್ಟಿದ್ದರು. ಮೂರನೇ ದಿನ ಅದು ತೂಕಡಿಸತೊಡಗಿತು. ಸಾಯುವ ಮೊದಲೇ ಕೊಯ್ದು ಸಾರು ಮಾಡಿದರು. ಕುದಿದ ಸಾರಿನಲ್ಲಿ ವೈರಸ್ ಉಳಿಯುವುದಿಲ್ಲ. ಕೊಯ್ದವರಿಗೆ ಹೆಚ್ಚೆಂದರೆ ಕೆಲವು ದಿನ ಕಣ್ಣು ಕೆಂಪಾದೀತು. ಆದರೆ ಪುಕ್ಕ, ಕರುಳು, ಕಾಲು ತಿಪ್ಪೆಗೆ ಹೋದವು. ತಿಪ್ಪೆ ಕೆದಕುವುದೇ ಉಳಿದ ಕೋಳಿಗಳ ದಿನದ ಕೆಲಸ. ಐದಾರು ದಿನಕ್ಕೆ ಮೊದಲ ಸಾವು, ಈ ರೋಗ ಮೈಯಲ್ಲಿ ಕಾವು ಕೂರುವ ಅವಧಿಯೂ ಸಾಮಾನ್ಯವಾಗಿ ಅಷ್ಟೇ.

ಬಂದ ಮೇಲೆ ಔಷಧಿಯಿಲ್ಲ. ಲಸಿಕೆ ಇದೆ, ಹಳೆಯದು, ಅಗ್ಗದ್ದು. ಮರಿಗೆ ಐದರಿಂದ ಏಳು ದಿನವಾದಾಗ ಸೌಮ್ಯ ತಳಿಯಾದ ಎಫ್ ಅಥವಾ ಲಸೋಟಾ, ಕಣ್ಣಿಗೋ ಮೂಗಿಗೋ ಒಂದು ಹನಿ. ಈ ಎಫ್ ತಳಿಯ ಹೆಸರಿಗೂ ಮೇಲೆ ಹೇಳಿದ ಪ್ರೋಟೀನಿಗೂ ಸಂಬಂಧವಿಲ್ಲ. ಎಂಟು ವಾರದ ಹೊತ್ತಿಗೆ ಮುಕ್ತೇಶ್ವರದ ಆರ್2ಬಿ ಲಸಿಕೆ, ಚರ್ಮದಡಿ ಅರ್ಧ ಮಿಲಿಲೀಟರ್. ಇದು ಮಧ್ಯಮ ಉಗ್ರತೆಯ ತಳಿ, ಆರು ವಾರದೊಳಗಿನ ಮರಿಗೆ ಚುಚ್ಚಿದರೆ ಲಸಿಕೆಯೇ ರೋಗವಾದೀತು. ಹಿಂಡಿನಲ್ಲಿ ರೋಗ ಎದ್ದ ಮೇಲೆ ಚುಚ್ಚುವುದೂ ತಡವೇ.

ಇಷ್ಟು ಸುಲಭವಾದದ್ದು ಹಿತ್ತಲಿಗೆ ತಲುಪದಿರಲು ಕಾರಣ ಬಾಟಲಿಯ ಅಳತೆ. ಸಣ್ಣ ಬಾಟಲಿಯಲ್ಲೂ ನೂರು ಕೋಳಿಗಾಗುವ ಲಸಿಕೆ ಇರುತ್ತದೆ, ಕರಗಿಸಿದ ಮೇಲೆ ತಂಪಾಗಿಟ್ಟು ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಮನೆಯಲ್ಲಿರುವುದು ಇಪ್ಪತ್ತು ಕೋಳಿ, ಅವೂ ಹಗಲು ಕೈಗೆ ಸಿಗುವುದಿಲ್ಲ. ಕೊನೆಗೆ ಅಜ್ಜಿಯೇ ಬೀದಿಯ ಒಂಬತ್ತು ಮನೆಗಳಿಗೆ ಹೇಳಿ ಬಂದರು. ರೋಗ ನಿಂತ ಒಂದೂವರೆ ತಿಂಗಳ ನಂತರದ ಒಂದು ಸಂಜೆ, ಕೋಳಿಗಳು ಗೂಡು ಸೇರಿದ ಮೇಲೆ, ಮಂಜುಗಡ್ಡೆ ಡಬ್ಬ ಹಿಡಿದು ಟಾರ್ಚ್ ಬೆಳಕಿನಲ್ಲಿ ಮನೆಯಿಂದ ಮನೆಗೆ ಹೋದೆವು. ಕೈಗೆ ಸಿಕ್ಕಿದ್ದು 83. ಕತ್ತು ತಿರುಚಿದ ಹ್ಯಾಟೆ ಆಗಲೂ ಅಜ್ಜಿಯ ಜಗಲಿಯಲ್ಲಿತ್ತು. ರಾಗಿ ಚೆಲ್ಲಿದರೆ ಕಾಳಿನಿಂದ ಒಂದಂಗುಲ ಪಕ್ಕಕ್ಕೆ ಕುಕ್ಕುತ್ತಿತ್ತು, ಅದಕ್ಕೇ ಅವರು ಆಳವಾದ ಬಟ್ಟಲಲ್ಲಿ ಮೇವು ಹಾಕಿಡುತ್ತಿದ್ದರು.