ಮೊಟ್ಟೆ ಹಾಕದ ಕೇಕ್ ಹಿಟ್ಟು ಮಗು ನೆಕ್ಕಿದರೆ ಏನಾದರೂ ಆಗುತ್ತಾ?

ಪ್ರಶ್ನೆ: ನಾವು ಕಲಬುರಗಿಯವರು. ರಜೆ ಅಂತ ಭಾನುವಾರ ಮನೆಯಲ್ಲೇ ಕುಕ್ಕರ್‌ನಲ್ಲಿ ಕೇಕ್ ಮಾಡಿದೆ. ನಮ್ಮದು ಮೊಟ್ಟೆ ಹಾಕದ ಕೇಕ್. ನಾಲ್ಕು ವರ್ಷದ ಮಗ ಹಿಟ್ಟು ಕಲಸಿದ ಚಮಚ ನೆಕ್ಕಿದ, ಆಮೇಲೆ ಪಾತ್ರೆಯನ್ನೂ ಬೆರಳಿನಿಂದ ಬಳಿದು ತಿಂದ. ಹಸಿ ಹಿಟ್ಟು ತಿನ್ನಬಾರದು ಅಂತ ಗೆಳತಿ ಹೇಳಿದಳು. ನಮ್ಮ ಅತ್ತೆ, "ನಾವೆಲ್ಲಾ ಹಸಿ ಹಿಟ್ಟು ತಿಂದೇ ದೊಡ್ಡೋರಾಗೀವಿ, ಏನಾಗ್ಯದ?" ಅಂತಾರೆ. ಮೊಟ್ಟೆಯೇ ಇಲ್ಲ ಅಂದಮೇಲೆ ಹೆದರಬೇಕಾ? ಈಗ ನಾನು ಏನು ಮಾಡಲಿ?

ಉತ್ತರ: ಮೊದಲು ಮಗನ ವಿಷಯ. ಈಗ ಏನೂ ಮಾಡಬೇಡಿ. ವಾಂತಿ ಮಾಡಿಸಬೇಡಿ, ಮುಂಜಾಗ್ರತೆ ಅಂತ ಯಾವ ಔಷಧಿಯನ್ನೂ ಕೊಡಬೇಡಿ. ಹೀಗೆ ಒಂದು ಸಲ ನೆಕ್ಕಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಕೆಲವು ದಿನ ಕಣ್ಣಿಟ್ಟಿರಿ. ಎಷ್ಟು ದಿನ, ಏನನ್ನು ನೋಡಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಇನ್ನು ಮೊಟ್ಟೆಯ ಮಾತು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು ಅನ್ನುವುದು ಬಹಳ ಜನರಿಗೆ ಗೊತ್ತು. ಅದಕ್ಕೇ ಮೊಟ್ಟೆ ಬಿಟ್ಟರೆ ಭಯ ಬಿಟ್ಟ ಹಾಗೆ ಅಂದುಕೊಳ್ಳುತ್ತೇವೆ. ಮೈದಾ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳ್ಳಗಿದೆ, ನುಣ್ಣಗಿದೆ, ಪ್ಯಾಕೆಟ್‌ನಲ್ಲಿ ಬಂದಿದೆ, ವಾಸನೆ ಇಲ್ಲ. ಆದರೂ ಅದು ಬೇಯದ ಕಾಳಿನ ಪುಡಿ, ಅಷ್ಟೇ. ಹೊಲದಲ್ಲಿ ನಿಂತ ಗೋಧಿಯ ಮೇಲೆ ಹಕ್ಕಿ ಕೂತಿರುತ್ತದೆ, ಪಕ್ಕದಲ್ಲಿ ದನ, ಆಡು ಓಡಾಡಿರುತ್ತವೆ, ಸಗಣಿ ತಗುಲಿದ ಮಣ್ಣು, ನೀರು ಕಾಳಿಗೆ ತಾಗಿರುತ್ತದೆ. ಕಣದಲ್ಲಿ ರಾಶಿ ಮಾಡುವಾಗ, ಚೀಲದಲ್ಲಿ ಇಟ್ಟಾಗ ಇನ್ನಷ್ಟು ಸೇರಬಹುದು. ಗಿರಣಿಯಲ್ಲಿ ಬೀಸುವಾಗ ಹಿಟ್ಟು ಕೈಗೆ ಬಿಸಿ ಹತ್ತುತ್ತದೆ, ನಿಜ. ಆದರೆ ರೋಗಾಣು ಸಾಯುವಷ್ಟು ಬಿಸಿ ಅದಲ್ಲ. ಜರಡಿ ಹಿಡಿದರೆ ಹುಳ ಹೋಗುತ್ತದೆ, ತವುಡು ಹೋಗುತ್ತದೆ. ಬ್ಯಾಕ್ಟೀರಿಯಾ ಜರಡಿಯ ಕಣ್ಣಿಗಿಂತ ಸಾವಿರ ಪಾಲು ಸಣ್ಣದು, ಅದು ಹಿಟ್ಟಿನ ಜೊತೆಗೇ ಇಳಿಯುತ್ತದೆ. ಅಂಗಡಿಯ ಮೈದಾ ಆದರೂ, ಮನೆ ಗೋಧಿ ಬೀಸಿಸಿದ್ದಾದರೂ, ಜೋಳದ ಹಿಟ್ಟಾದರೂ ಇದೇ ಲೆಕ್ಕ.

ಒಣ ಹಿಟ್ಟಿನಲ್ಲಿ ಈ ರೋಗಾಣುಗಳು ಬೆಳೆಯುವುದಿಲ್ಲ, ಏಕೆಂದರೆ ನೀರಿಲ್ಲ. ಆದರೆ ಸಾಯುವುದೂ ಇಲ್ಲ. ತಿಂಗಳುಗಟ್ಟಲೆ ಸುಮ್ನೆ ಬಿದ್ದಿರುತ್ತವೆ. ನೀವು ಅದಕ್ಕೆ ಹಾಲು, ಸಕ್ಕರೆ ಹಾಕಿ ಕಲಸಿದ ಕೂಡಲೇ ಅವಕ್ಕೆ ಬೇಕಾದದ್ದು ಸಿಕ್ಕಿಬಿಡುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ, ಅಡುಗೆಮನೆ ಇನ್ನೂ ಕುದಿಯುತ್ತಿರುತ್ತದೆ. ಆ ಸೆಕೆಯಲ್ಲಿ ಕಲಸಿದ ಹಿಟ್ಟನ್ನು ಗಂಟೆಗಟ್ಟಲೆ ಹಾಗೇ ಇಟ್ಟರೆ ಹತ್ತು ಇದ್ದದ್ದು ಸಾವಿರ ಆಗಲು ತಡವಾಗುವುದಿಲ್ಲ. ಕಲಸಿದ ತಕ್ಷಣ ಬೇಯಲು ಇಡಿ ಅನ್ನುವುದು ಇದಕ್ಕೇ.

ಇದು ಬರೀ ಊಹೆ ಅಲ್ಲ. 2016ರಲ್ಲಿ ಅಮೆರಿಕದಲ್ಲಿ ಮೈದಾದಿಂದಲೇ ಇ. ಕೋಲಿ ಎಂಬ ರೋಗಾಣು ಹರಡಿ 24 ರಾಜ್ಯಗಳಲ್ಲಿ 60ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಕಾಯಿಲೆ ಬಿದ್ದವರ ಮನೆಯಲ್ಲಿ ಉಳಿದಿದ್ದ ಹಿಟ್ಟಿನ ಚೀಲದಲ್ಲೇ ಆ ರೋಗಾಣು ಸಿಕ್ಕಿತು. ಅವರಲ್ಲಿ ಕೆಲವು ಮಕ್ಕಳು ಮನೆಯಲ್ಲಿ ಕೇಕ್ ಹಿಟ್ಟು ತಿಂದವರೂ ಅಲ್ಲ. ಹೋಟೆಲ್‌ಗೆ ಊಟಕ್ಕೆ ಹೋದಾಗ ಆಟಕ್ಕೆ ಅಂತ ಕೊಟ್ಟ ಹಸಿ ಹಿಟ್ಟಿನ ಉಂಡೆ ಹಿಡಿದು ಕೂತಿದ್ದವರು. 2021ರಲ್ಲಿ ಅಲ್ಲೇ ರೆಡಿ ಕೇಕ್ ಪುಡಿಗೆ ಸಂಬಂಧಿಸಿದಂತೆ 16 ಜನರಿಗೆ ಇ. ಕೋಲಿ ತಗುಲಿತು. ಹೆಚ್ಚಿನವರು 18 ವರ್ಷದ ಒಳಗಿನವರು. ಆದ್ದರಿಂದ ಅಂಗಡಿಯ ರೆಡಿ ಕೇಕ್ ಮಿಕ್ಸ್ ಅಂದರೂ ಹಸಿ ಹಿಟ್ಟೇ.

ಆ ಆಟದ ಉಂಡೆಯ ಮಾತು ಓದಿದಾಗ ನನಗೆ ನಮ್ಮ ಮನೆಗಳೇ ನೆನಪಾದವು. ಚಪಾತಿ ಹಿಟ್ಟು ನಾದುವಾಗ ಮಗು ಕಾಲಿಗೆ ಸುತ್ತಿಕೊಂಡು ಕಾಡುತ್ತದೆ. ಸುಮ್ಮನಾಗಲಿ ಅಂತ ನಿಂಬೆಹಣ್ಣಿನ ಗಾತ್ರದ ಹಿಟ್ಟು ಕೈಗೆ ಕೊಡುತ್ತೇವೆ. ಅದು ಗುಬ್ಬಿ ಮಾಡುತ್ತದೆ, ಹಾವು ಮಾಡುತ್ತದೆ, ಗುಬ್ಬಿಯ ತಲೆ ಕಚ್ಚಿ ತಿನ್ನುತ್ತದೆ. ತಿನ್ನದಿದ್ದರೂ ಅದೇ ಕೈ ಬಾಯಿಗೆ ಹೋಗುತ್ತದೆ ಅಲ್ವಾ? ಕೊಡದಿರುವುದೇ ಒಳ್ಳೆಯದು. ಕೊಟ್ಟರೆ, ತಲೆ ಕಚ್ಚದ ಹಾಗೆ ಪಕ್ಕದಲ್ಲಿ ಇರಿ, ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ. ಇಷ್ಟು ಆಗದು ಅನ್ನುವ ದಿನ ಕೊಡಲೇಬೇಡಿ.

ಈಗ ನಿಮ್ಮ ಅತ್ತೆಯ ಮಾತಿಗೆ ಬರುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ. ಎಲ್ಲಾ ಹಿಟ್ಟಿನಲ್ಲೂ ರೋಗಾಣು ಇರುವುದಿಲ್ಲ, ಇದ್ದರೂ ಕಡಿಮೆ ಇರುತ್ತದೆ, ಎಷ್ಟೋ ಸಲ ತಿಂದರೂ ಏನೂ ಆಗಿರುವುದಿಲ್ಲ. ಆದರೆ "ಏನೂ ಆಗಿಲ್ಲ" ಅನ್ನುವುದರಲ್ಲಿ ಒಂದು ಮೋಸ ಇದೆ. ಕೆಟ್ಟ ತರದ ಇ. ಕೋಲಿ ಹೊಟ್ಟೆಗೆ ಹೋದ ದಿನವೇ ತೋರಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ 3-4 ದಿನ ಹಿಡಿಯುತ್ತದೆ, ಕೆಲವರಲ್ಲಿ 10 ದಿನದವರೆಗೂ ಹೋಗುತ್ತದೆ. ಭಾನುವಾರ ಚಮಚ ನೆಕ್ಕಿದ ಮಗುವಿಗೆ ಗುರುವಾರ ಹೊಟ್ಟೆ ಕೆಟ್ಟರೆ ನಾವು ಏನು ಅನ್ನುತ್ತೇವೆ? ನಿನ್ನೆ ತಿಂದ ಪಾನಿಪುರಿ, ಬದಲಾದ ನೀರು, ಬಿಸಿಲು, ದೃಷ್ಟಿ. ಆ ಚಮಚ ಯಾರಿಗೂ ನೆನಪಾಗುವುದಿಲ್ಲ. ನಮ್ಮಲ್ಲಿ ಮಕ್ಕಳ ಭೇದಿಗೆ ಕೊಳಕು ನೀರು, ತೊಳೆಯದ ಕೈ ಮುಖ್ಯ ಕಾರಣ ಅನ್ನುವುದೂ ನಿಜವೇ. ಅವುಗಳ ಮರೆಯಲ್ಲಿ ಹಿಟ್ಟು ತಪ್ಪಿಸಿಕೊಂಡುಬಿಡುತ್ತದೆ.

ನಿಮ್ಮ ಮಗನ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಸಾಲ್ಮೊನೆಲ್ಲಾ ಆಗಿದ್ದರೆ 6 ಗಂಟೆಯಿಂದ 6 ದಿನದೊಳಗೆ, ಅಂದರೆ ಶನಿವಾರದೊಳಗೆ ಜ್ವರ, ಹೊಟ್ಟೆನೋವು, ಭೇದಿ ಬರುತ್ತದೆ. ಇ. ಕೋಲಿ ಆಗಿದ್ದರೆ ಬುಧವಾರ, ಗುರುವಾರದ ಸುಮಾರಿಗೆ ಹೊಟ್ಟೆ ಹಿಂಡಿದಂಥ ನೋವು, ಮೊದಲು ನೀರು ಭೇದಿ, ಆಮೇಲೆ ರಕ್ತ ಬೆರೆತದ್ದು. ಜ್ವರ ಬಹಳ ಇರದೇ ಇರಬಹುದು, ಜ್ವರ ಇಲ್ಲ ಅಂತ ಕೈಬಿಡಬೇಡಿ. ಮುಂದಿನ ವಾರದ ಬುಧವಾರ ದಾಟಿದರೆ ಆ ಚಮಚವನ್ನು ಮರೆತುಬಿಡಬಹುದು.

ಅಷ್ಟರೊಳಗೆ ಭೇದಿ ಶುರುವಾದರೆ ಓಆರ್‌ಎಸ್ ಕೊಡುತ್ತಾ ಇರಿ. ಮಲದಲ್ಲಿ ರಕ್ತ ಕಂಡರೆ ಅದೇ ದಿನ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ, ಹಸಿ ಕೇಕ್ ಹಿಟ್ಟು ತಿಂದಿದ್ದ, ಇಂಥ ದಿನ ತಿಂದಿದ್ದ ಅಂತ ನೀವಾಗಿಯೇ ಹೇಳಿ. ಅವರು ಕೇಳಲಿಕ್ಕಿಲ್ಲ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮೆಡಿಕಲ್‌ನಿಂದ ತಂದು ಕೊಡಬೇಡಿ. ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಸಿರಪ್ ಅಂತೂ ಬೇಡವೇ ಬೇಡ. ಈ ಇ. ಕೋಲಿ ಒಂದು ವಿಷ ಬಿಡುತ್ತದೆ. ಭೇದಿ ಕಟ್ಟಿದರೆ ಆ ವಿಷ ಒಳಗೇ ಉಳಿಯುತ್ತದೆ. ಕೆಲವು ಆಂಟಿಬಯೋಟಿಕ್‌ಗಳಿಂದ ಅದು ಇನ್ನೂ ಜಾಸ್ತಿ ಆಗಬಹುದು.

ನನಗೆ ನಿಜವಾಗಿ ಹೆದರಿಕೆ ಇರುವುದು ಇದರ ಮುಂದಿನ ಹಂತದ ಬಗ್ಗೆ. ಭೇದಿ ಶುರುವಾಗಿ ಸುಮಾರು ಒಂದು ವಾರ ಆಗಿರುತ್ತದೆ. ಭೇದಿ ನಿಂತಿದೆ, ಮಗು ಹುಷಾರಾಯಿತು ಅಂತ ಮನೆಯವರು ಉಸಿರು ಬಿಟ್ಟಿರುತ್ತಾರೆ. ಆಗ ಆ ವಿಷ ರಕ್ತಕಣಗಳನ್ನು, ಕಿಡ್ನಿಯನ್ನು ಹಿಡಿಯಬಹುದು. ಈ ಜಾತಿಯ ಇ. ಕೋಲಿ ಅಂತ ಪತ್ತೆಯಾದವರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಹೀಗಾಗುತ್ತದೆ. 5 ವರ್ಷದೊಳಗಿನ ಮಕ್ಕಳಿಗೇ ಅಪಾಯ ಹೆಚ್ಚು. ಗುರುತು ಹಿಡಿಯುವುದು ಕಷ್ಟವಲ್ಲ: ಮಗು ಉಚ್ಚೆ ಮಾಡುವುದು ಕಡಿಮೆಯಾಗುತ್ತದೆ, ಮುಖ, ತುಟಿ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುತ್ತವೆ, ಎತ್ತಿದರೂ ಹಾಗೇ ಜೋತುಬೀಳುತ್ತದೆ. ಹೀಗೆ ಕಂಡರೆ ರಾತ್ರಿ ಆಗಲಿ ಹಗಲಾಗಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೇಗ ಹೋದವರನ್ನು ನೋಡಿಕೊಳ್ಳಲು ದಾರಿ ಇದೆ.

ಹಾಗಾದರೆ ಕೇಕ್ ಮಾಡುವುದೇ ಬೇಡವೇ? ಮಾಡಿ. ಒಳಗೆ ಪೂರ್ತಿ ಬೆಂದ ಕೇಕ್‌ನಲ್ಲಿ ಈ ರೋಗಾಣುಗಳು ಉಳಿಯುವುದಿಲ್ಲ. ಕುಕ್ಕರ್ ಕೇಕ್‌ನಲ್ಲಿ ತಪ್ಪುವುದು ಒಂದೇ ಕಡೆ: ಉರಿ ಜೋರಾಗಿಟ್ಟರೆ ಸುತ್ತಲೂ ಕೆಂಪಾಗುತ್ತದೆ, ನಡುವೆ ಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಇಡಿ. ಕಡ್ಡಿ ಚುಚ್ಚುವಾಗ ಅಂಚಿಗೆ ಚುಚ್ಚದೆ ನಟ್ಟನಡುವೆ, ತಳದವರೆಗೆ ಚುಚ್ಚಿ. ಒದ್ದೆ ಹಿಟ್ಟು ಅಂಟಿ ಬಂದರೆ ಇನ್ನೂ ಹತ್ತು ನಿಮಿಷ ಇಡಿ.

ಮೈದಾವನ್ನು ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಬಿಸಿ ಮಾಡಿದರೆ ಹಸಿಯಾಗಿಯೇ ತಿನ್ನಬಹುದು ಅಂತ ಕೆಲವು ವಿಡಿಯೋಗಳಲ್ಲಿ ತೋರಿಸುತ್ತಾರೆ. ಅದನ್ನು ನಂಬಬೇಡಿ. ಒಣಗಿದ ರೋಗಾಣು ಒದ್ದೆಯಾಗಿರುವುದಕ್ಕಿಂತ ಬಹಳ ಬಿಸಿ ತಡೆಯುತ್ತದೆ, ಮೈಕ್ರೋವೇವ್ ಎಲ್ಲಾ ಕಡೆ ಒಂದೇ ಸಮ ಬಿಸಿ ಮಾಡುವುದೂ ಇಲ್ಲ. ಪಂಚಮಿಯ ಅಳ್ಳಿಟ್ಟಿಗೆ ಇದನ್ನು ಹೋಲಿಸಬೇಡಿ. ಅಲ್ಲಿ ಕಾಳು ಕಾದ ಬಾಣಲೆಯಲ್ಲಿ ಅರಳುವವರೆಗೆ ಹುರಿದು ಆಮೇಲೆ ಬೀಸುತ್ತೇವೆ. ಮಾದಲಿಯಲ್ಲೂ ಚಪಾತಿ ಬೇಯಿಸಿಯೇ ಪುಡಿ ಮಾಡುತ್ತೇವೆ.

ಇನ್ನೊಂದು ಸಂಗತಿ, ಇದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಮೈದಾ ಅಳೆದು ಹಾಕಿ, ಕೈಯನ್ನು ಸೆರಗಿಗೋ ಅಲ್ಲೇ ಇರುವ ಬಟ್ಟೆಗೋ ಒರೆಸಿಕೊಂಡು, ಅದೇ ಕಟ್ಟೆಯ ಮೇಲೆ ಸೌತೆಕಾಯಿ ಹೆಚ್ಚುತ್ತೇವೆ. ಕಟ್ಟೆಯ ಮೇಲೆ ಬಿದ್ದ ಬಿಳಿ ಧೂಳು ಸೌತೆಕಾಯಿಗೆ ಹತ್ತುತ್ತದೆ, ಅದನ್ನು ಯಾರೂ ಬೇಯಿಸುವುದಿಲ್ಲ. ಹಿಟ್ಟಿನ ಕೆಲಸ ಮುಗಿದ ಮೇಲೆ ಕಟ್ಟೆ, ಕೈ, ಚಮಚ ಮೂರಕ್ಕೂ ಸೋಪು ನೀರು ಬೀಳಲಿ. ಪಾತ್ರೆಯನ್ನು ಮಗುವಿನ ಕೈಗೆ ಸಿಗುವ ಹಾಗೆ ಸಿಂಕ್ ಪಕ್ಕ ಇಡದೆ ಕೂಡಲೇ ನೀರು ತುಂಬಿಸಿಬಿಡಿ.

ಕೊನೆಗೆ ಮಗನ ಆಸೆ. ಅವನಿಗೆ ಬೇಕಾದದ್ದು ಸಿಹಿ, ಚಮಚ ನೆಕ್ಕುವ ಖುಷಿ. ಅದನ್ನು ಕಸಿದುಕೊಳ್ಳಬೇಕಾಗಿಲ್ಲ. ಮುಂದಿನ ಸಲ ಬೆಣ್ಣೆ, ಸಕ್ಕರೆ, ವೆನಿಲ್ಲಾ ಕಲಸಿದಾಗ, ಮೈದಾ ಡಬ್ಬಿ ತೆರೆಯುವ ಮೊದಲೇ, ಎರಡು ಚಮಚ ಸಣ್ಣ ಬಟ್ಟಲಿಗೆ ತೆಗೆದಿಡಿ. ಕೇಕ್ ಕುಕ್ಕರ್‌ಗೆ ಹೋದ ಮೇಲೆ, ಕೈ ತೊಳೆಸಿ, ಆ ಬಟ್ಟಲು ಅವನ ಕೈಗೆ ಕೊಡಿ.