ಬಿಟ್ಟ ಕಸರತ್ತು, ಮರಳಿದ ಕಸುವು: ಕ್ರಿಯೇಟಿನ್ ಪಾಲೆಷ್ಟು?

ದಾವಣಗೆರೆಯ ಜಿಮ್‌ಗಳಲ್ಲಿ ವರ್ಷ, ಆರು ತಿಂಗಳು ಬಿಟ್ಟು ವಾಪಸ್ ಬಂದವರಿಗೆ ಮೊದಲ ದಿನವೇ ಸಿಗುವ ಸಲಹೆ ಒಂದೇ: ‘ಕ್ರಿಯೇಟಿನ್ ಶುರು ಮಾಡಿ, ಬೇಗ ಬರ್ತೀರಿ.’ ಸ್ನಾಯುವಿಗೆ ಶಕ್ತಿ ತುಂಬಲು ನೆರವಾಗುವ ಈ ಪುಡಿ ತಗೊಂಡವರು ಹಳೇ ಕಸುವಿಗೆ ಬೇಗ ಬರುತ್ತಾರೆ ಕೂಡ. ಜಗಳ ಶುರುವಾಗುವುದು ಅಲ್ಲಿಂದಲೇ. ಪುಡಿಯಿಂದಲೇ ಬಂತು ಅನ್ನುವವರು ಒಂದು ಕಡೆ, ಕಿಡ್ನಿ ಹೋಗುತ್ತೆ ಅನ್ನುವವರು ಇನ್ನೊಂದು ಕಡೆ. ಪುಡಿ ಇಲ್ಲದಿದ್ದರೂ ಬರುತ್ತಿತ್ತಾ ಅಂತ ಕೇಳುವವರು ಕಡಿಮೆ.

ಪುಡಿಯ ಚರಿತ್ರೆ ಚಿಕ್ಕದಾಗಿ ಹೀಗಿದೆ. 1832ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೂಲ್ ಮಾಂಸದ ರಸದಲ್ಲಿ ಈ ವಸ್ತುವನ್ನು ಕಂಡರು. 1992ರಲ್ಲಿ ಹ್ಯಾರಿಸ್ ಮತ್ತು ಜೊತೆಗಾರರು, ಅದನ್ನು ಬಾಯಲ್ಲಿ ತಗೊಂಡರೆ ಸ್ನಾಯುವಿನಲ್ಲಿ ಸಂಗ್ರಹ ಹೆಚ್ಚುತ್ತದೆ ಎಂದು ತೋರಿಸಿದರು. ಅದೇ ವರ್ಷದ ಬಾರ್ಸಿಲೋನಾ ಒಲಿಂಪಿಕ್ಸ್ ನಂತರ ಡಬ್ಬಿ ಅಂಗಡಿಗೆ ಬಂತು. ನಮ್ಮೂರಿನ ಸಣ್ಣ ಜಿಮ್‌ಗಳಲ್ಲಿ ಅದು ಮಾಮೂಲಾಗಿದ್ದು ಈಚೆಗೆ. 2020ರಲ್ಲಿ ಜಿಮ್‌ಗಳು ತಿಂಗಳುಗಟ್ಟಲೆ ಬಾಗಿಲು ಹಾಕಿದ್ದವು. ಮತ್ತೆ ತೆರೆದಾಗ ಎಲ್ಲರೂ ಒಟ್ಟಿಗೆ ‘ವಾಪಸ್ ಬರುವವರು’ ಆದರು, ಪುಡಿಗೂ ಗಿರಾಕಿ ಹೆಚ್ಚಿದರು.

ಇದಕ್ಕೆಲ್ಲ ಮೊದಲಿಂದಲೂ ಊರಿನಲ್ಲಿ ಗರಡಿ ಮನೆಗಳಿದ್ದವು. ದುಗ್ಗಮ್ಮನ ಜಾತ್ರೆಯ ಕುಸ್ತಿ ಹತ್ತಿರ ಬಂತೆಂದರೆ, ಸಾಮು ಬಿಟ್ಟಿದ್ದ ಪೈಲ್ವಾನರೂ ಮತ್ತೆ ಮಟ್ಟಿಗೆ ಇಳಿಯುತ್ತಿದ್ದರು. ಹಾಲು, ಬಾದಾಮಿ, ಬಸ್ಕಿ, ದಂಡ, ಅಷ್ಟೇ. ಒಮ್ಮೆ ಸಾಮು ಮಾಡಿದ ಮೈ ಬೇಗ ತಿರುಗುತ್ತೆ ಅಂತ ಉಸ್ತಾದರಿಗೆ ಗೊತ್ತಿತ್ತು. ಯಾಕೆ ಅನ್ನುವುದಕ್ಕೆ ಉತ್ತರ ಲ್ಯಾಬಿನಿಂದ ತಡವಾಗಿ ಬಂತು. ಸ್ನಾಯು ಬೆಳೆಯುವಾಗ ಅದರ ಎಳೆಗಳೊಳಗೆ ಹೊಸ ನ್ಯೂಕ್ಲಿಯಸ್‌ಗಳು, ಅಂದರೆ ಬೆಳವಣಿಗೆಯನ್ನು ನಡೆಸುವ ಕೋಶಕೇಂದ್ರಗಳು, ಸೇರುತ್ತವೆ. ಸ್ನಾಯು ಸೊರಗಿದರೂ ಅವು ಹಾಗೇ ಉಳಿಯುತ್ತವೆ ಎಂದು 2010ರಲ್ಲಿ ನಾರ್ವೆಯವರು ಇಲಿಗಳಲ್ಲಿ ತೋರಿಸಿದರು. ಮನುಷ್ಯರಲ್ಲೂ ಹಾಗೇನಾ ಅನ್ನುವ ವಾದ ಇನ್ನೂ ಮುಗಿದಿಲ್ಲ. ಆದರೆ ಬೇಗ ಮರಳುವುದಂತೂ ಖಂಡಿತ. 2024ರ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ ಜನ 10 ವಾರ ಕಸರತ್ತು ಮಾಡಿ, 10 ವಾರ ಬಿಟ್ಟು, ಮತ್ತೆ ಶುರು ಮಾಡಿದರು. ಹಳೆ ಮಟ್ಟಕ್ಕೆ ಬರಲು ಅವರಿಗೆ ಸುಮಾರು 5 ವಾರ ಸಾಕಾಯಿತು. ಬಿಟ್ಟ ಅವಧಿಯಲ್ಲಿ ಸ್ನಾಯುವಿನ ಗಾತ್ರ ಇಳಿದಷ್ಟು ಬಲ ಇಳಿದಿರಲಿಲ್ಲ. ಈ ಅಧ್ಯಯನ ಕ್ರಿಯೇಟಿನ್ ಪರೀಕ್ಷಿಸಲು ಮಾಡಿದ್ದಲ್ಲ ಅನ್ನುವುದನ್ನು ನೆನಪಿಡಿ.

ಹಾಗಾದರೆ ಪುಡಿ ಮರಳುವುದನ್ನು ಚುರುಕು ಮಾಡುತ್ತೆ ಅನ್ನುವ ಮಾತು ಎಲ್ಲಿಂದ ಬಂತು? ಹೆಚ್ಚಾಗಿ 2001ರ ಬೆಲ್ಜಿಯಂನ ಒಂದು ಪ್ರಯೋಗದಿಂದ. ಹೆಸ್ಪೆಲ್ ತಂಡ 22 ಆರೋಗ್ಯವಂತ ಯುವಜನರ ಒಂದು ಕಾಲಿಗೆ ಎರಡು ವಾರ ಅಲ್ಲಾಡದಂತೆ ಪಟ್ಟಿ ಹಾಕಿತು. ಆಮೇಲೆ 10 ವಾರ ತೊಡೆಯ ವ್ಯಾಯಾಮ ಮಾಡಿಸಿತು. ಅರ್ಧ ಜನಕ್ಕೆ ಕ್ರಿಯೇಟಿನ್, ಉಳಿದವರಿಗೆ ಸುಮ್ನೆ ಒಂದು ಪುಡಿ. ಪಟ್ಟಿ ಇದ್ದಾಗ ಎರಡೂ ಗುಂಪಿನವರ ಸ್ನಾಯು ಒಂದೇ ಸಮ, ಸುಮಾರು ಶೇ. 10ರಷ್ಟು ಕುಗ್ಗಿತು. ಅಂದರೆ ಕರಗುವುದನ್ನು ಕ್ರಿಯೇಟಿನ್ ತಡೆಯಲಿಲ್ಲ. ಆದರೆ ವ್ಯಾಯಾಮ ಶುರುವಾದ ಮೇಲೆ ಕ್ರಿಯೇಟಿನ್ ಗುಂಪಿನವರ ಗಾತ್ರವೂ ಬಲವೂ ಬೇಗ ಮರಳಿದವು.

ಮಾರಾಟದ ಮಾತಿನಲ್ಲಿ ಈ ಕೊನೆ ಭಾಗ ಮಾತ್ರ ಉಳಿಯಿತು. ಗುಂಪಿಗೆ ಹನ್ನೊಂದೇ ಜನ, ಬಿಟ್ಟಿದ್ದು ಎರಡೇ ವಾರ ಅನ್ನುವುದು ಬಿಟ್ಟುಹೋಯಿತು. 2004ರಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜಿನ ಶಸ್ತ್ರಚಿಕಿತ್ಸೆ ಆದವರಿಗೆ 12 ವಾರ ಕ್ರಿಯೇಟಿನ್ ಕೊಟ್ಟು ನೋಡಿದಾಗ ಬಲ ಮರಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಸುದ್ದಿ ಜಿಮ್ಮಿನವರೆಗೆ ಬಂದ ಹಾಗಿಲ್ಲ.

ಪುಡಿ ಕೆಲಸವನ್ನೇ ಮಾಡಲ್ಲ ಅಂತಲ್ಲ. ಭಾರ ಎತ್ತುವ ಮೊದಲ ಹತ್ತು ಸೆಕೆಂಡಿಗೆ ಬೇಕಾದ ಶಕ್ತಿಯನ್ನು ಸ್ನಾಯು ಅಲ್ಲಲ್ಲೇ ತುಂಬಿಕೊಳ್ಳುವುದು ಕ್ರಿಯೇಟಿನ್ ನೆರವಿನಿಂದ. ಸಂಗ್ರಹ ಜಾಸ್ತಿ ಇದ್ದರೆ ಸೆಟ್ಟಿನ ಕೊನೆಯಲ್ಲಿ ಇನ್ನೊಂದು ಸಲ ಎತ್ತಬಹುದು. ಆ ಒಂದೊಂದೇ ತಿಂಗಳುಗಟ್ಟಲೆ ಕೂಡಿ ಲಾಭವಾಗುತ್ತದೆ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಸಂಗ್ರಹ ಮೊದಲೇ ಕಡಿಮೆ ಇರುವುದರಿಂದ ಅವರಲ್ಲಿ ಏರಿಕೆಯೂ ಜಾಸ್ತಿ. ಹಾಲು, ತುಪ್ಪದಿಂದ ಅದು ತುಂಬುವುದಿಲ್ಲ. ನಮ್ಮ ಕಡೆಯವರಿಗೆ ಇದು ಲೆಕ್ಕಕ್ಕೆ ಬರುವ ವಿಷಯ.

ಪ್ರಶ್ನೆ ಇರುವುದು ಹೊತ್ತಿನದು. 1996ರ ಹುಲ್ಟ್‌ಮನ್ ಅಧ್ಯಯನದ ಪ್ರಕಾರ ದಿನಕ್ಕೆ 20 ಗ್ರಾಂ ತಗೊಂಡರೆ 6 ದಿನದಲ್ಲಿ ಸಂಗ್ರಹ ತುಂಬುತ್ತದೆ. ದಿನಕ್ಕೆ 3 ಗ್ರಾಂ ಆದರೆ 28 ದಿನ ಬೇಕು.

ಚನ್ನಗಿರಿ ಕಡೆ ಅಡಿಕೆ ವ್ಯಾಪಾರ ಮಾಡುವ ನನ್ನ ಪರಿಚಯದವರೊಬ್ಬರ ಪುಸ್ತಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಎತ್ತಿದ ಭಾರವನ್ನೆಲ್ಲ ಅವರು ಅಡಿಕೆ ತೂಕದ ಲೆಕ್ಕದ ಹಾಗೆ ಬರೆದಿಡುತ್ತಾರೆ. ಎಂಟು ತಿಂಗಳು ಬಿಡುವ ಮೊದಲು 100 ಕೆ.ಜಿ. ಹೊತ್ತು ಐದೈದು ಸಲ ಸ್ಕ್ವಾಟ್ ಮಾಡುತ್ತಿದ್ದರು. ವಾಪಸ್ ಬಂದಾಗ ಅರ್ಧಕ್ಕೆ, 50 ಕೆ.ಜಿ.ಗೆ ಶುರು. ವಾರಕ್ಕೆ ಎರಡು ದಿನ, ಪ್ರತಿ ಸಲ 5 ಕೆ.ಜಿ. ಏರಿಕೆ, 80 ದಾಟಿದ ಮೇಲೆ ಎರಡೂವರೆ. ಕೊನೆಯ ಸಲ ಏಳುವಾಗ ರಾಡ್ ನಿಧಾನವಾದರೆ ಮುಂದಿನ ದಿನ ಅದೇ ಭಾರ. ನಾಲ್ಕನೇ ವಾರದ ಕೊನೆಗೆ 82.5 ಎತ್ತಿದರು. ಕ್ರಿಯೇಟಿನ್, ದಿನಕ್ಕೆ 3 ಗ್ರಾಂ, ಶುರು ಮಾಡಿದ್ದು ಐದನೇ ವಾರ. ಎಂಟನೇ ವಾರ ಹಳೆಯ 100ಕ್ಕೆ ಮುಟ್ಟಿದರು. ‘ಪುಡಿ ತಗೊಂಡ ತಿಂಗಳಲ್ಲೇ ಬಂದ್ಬಿಟ್ಟೆ ನೋಡ್ರಿ’ ಅಂತ ಈಗಲೂ ಹೇಳುತ್ತಾರೆ.

ಅವರದೇ ಪುಸ್ತಕ ಬೇರೆ ಹೇಳುತ್ತದೆ. ಕಳೆದುಕೊಂಡ 50 ಕೆ.ಜಿ.ಯಲ್ಲಿ 32.5 ಮರಳಿದ್ದು ಡಬ್ಬಿ ತೆರೆಯುವ ಮುಂಚೆಯೇ. ಸಂಗ್ರಹ ಪೂರ್ತಿ ತುಂಬುವ ಹೊತ್ತಿಗೆ ದಾರಿಯೇ ಮುಗಿದಿತ್ತು. ಒಬ್ಬರ ಲೆಕ್ಕದಿಂದ ಏನೂ ಸಾಬೀತಾಗಲ್ಲ, ನಿಜ. ಆದರೆ ಪುಡಿಗೆ ಎಷ್ಟು ಸುಲಭವಾಗಿ ಹೆಸರು ಬರುತ್ತೆ ಅನ್ನುವುದು ಗೊತ್ತಾಗುತ್ತೆ. ಮೊದಲ ವಾರಗಳಲ್ಲಿ ಒಂದೆರಡು ಕೆ.ಜಿ. ತೂಕ ಏರುವುದೂ ಈ ನಂಬಿಕೆಗೆ ಗಟ್ಟಿ ಆಧಾರವಾಗುತ್ತದೆ. ಅದು ಬಹುಪಾಲು ಸ್ನಾಯುವಿಗೆ ಸೇರಿದ ನೀರು. 2025ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಕಸರತ್ತು ಶುರುವಾಗುವ ಮುಂಚೆಯೇ ಒಂದು ವಾರ ಕ್ರಿಯೇಟಿನ್ ಕೊಟ್ಟು ಈ ಏರಿಕೆಯನ್ನು ಬೇರೆ ಮಾಡಿ ಅಳೆಯಿತು. ಆಮೇಲಿನ 12 ವಾರಗಳಲ್ಲಿ ಪುಡಿ ತಗೊಂಡವರ, ತಗೊಳ್ಳದವರ ಬೆಳವಣಿಗೆ ಒಂದೇ ಆಗಿತ್ತು. ಅವರು ಕೊಟ್ಟಿದ್ದು ದಿನಕ್ಕೆ 5 ಗ್ರಾಂ. ಇನ್ನೂ ಜಾಸ್ತಿ ಬೇಕಿತ್ತೇನೋ ಅನ್ನುವ ಚರ್ಚೆ ನಡೆದಿದೆ.

ಈ ಬೇಗ ಮರಳುವುದರಲ್ಲೇ ಒಂದು ತೊಂದರೆ ಇದೆ. ಸ್ನಾಯು ಬಂದಷ್ಟು ಬೇಗ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗುವುದಿಲ್ಲ. ಆ ವ್ಯಾಪಾರಿಗೂ ಆರನೇ ವಾರ ಮಂಡಿಚಿಪ್ಪಿನ ಕೆಳಗೆ, ಮೆಟ್ಟಿಲು ಇಳಿಯುವಾಗ ನೋವು ಬಂತು. ಹೋದ ಮೊದಲ ದಿನವೇ ಹಳೆ ಭಾರಕ್ಕೆ ಕೈ ಹಾಕುವವರ ಕಥೆ ಇನ್ನೂ ಕಷ್ಟ. ಮೈನೋವು ಮಾಮೂಲು. ಆದರೆ ಕೈಕಾಲು ಊದಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ ಅಂತ ಅನುಮಾನ. ಆಗ ಆಸ್ಪತ್ರೆಗೇ ಹೋಗಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ, ತಗಡಿನ ಶೆಡ್ಡಿನ ಜಿಮ್ಮಿನಲ್ಲಿ, ನೀರು ಕುಡಿಯದೆ ಮಾಡಿದರೆ ಇದು ಇನ್ನೂ ಸುಲಭ.

ಇನ್ನು ಕಿಡ್ನಿ ಭಯ. ಕ್ರಿಯೇಟಿನ್ ದೇಹದಲ್ಲಿ ಒಡೆದಾಗ ಕ್ರಿಯೇಟಿನಿನ್ ಆಗುತ್ತದೆ. ಕಿಡ್ನಿ ಪರೀಕ್ಷೆಯಲ್ಲಿ ಅಳೆಯುವುದೂ ಅದನ್ನೇ. ಹಾಗಾಗಿ ಪುಡಿ ತಗೊಳ್ಳುವವರ ರಿಪೋರ್ಟಿನಲ್ಲಿ, ಕಿಡ್ನಿ ಚೆನ್ನಾಗಿದ್ದರೂ, ಆ ಅಂಕಿ ಸ್ವಲ್ಪ ಮೇಲೆ ಬರಬಹುದು. ವ್ಯಾಪಾರಿಗೆ ವಿಮೆಯ ತಪಾಸಣೆಯಲ್ಲಿ 1.4 ಬಂದು ಮನೆಯವರೆಲ್ಲ ಗಾಬರಿಯಾದರು. ಪುಡಿಯ ವಿಷಯ ಕೇಳಿದ ಡಾಕ್ಟರು ಕೆಲವು ವಾರ ಅದನ್ನು ನಿಲ್ಲಿಸಿ, ಪರೀಕ್ಷೆಗೆ ಮುಂಚಿನ ಎರಡು ಮೂರು ದಿನ ಜಿಮ್ಮಿಗೂ ಹೋಗಬೇಡಿ ಅಂದರು. ಜೊತೆಗೆ ಸಿಸ್ಟಾಟಿನ್ ಸಿ ಅನ್ನುವ ಪರೀಕ್ಷೆ ಬರೆದರು. ಅದಕ್ಕೆ ಕ್ರಿಯೇಟಿನ್ ಅಡ್ಡ ಬರುವುದಿಲ್ಲ. ಎರಡನೇ ಸಲ ಕ್ರಿಯೇಟಿನಿನ್ 1.1, ಸಿಸ್ಟಾಟಿನ್ ಸಿ ಸರಿಯಾಗಿತ್ತು. ಕಿಡ್ನಿ ತೊಂದರೆ ಮೊದಲೇ ಇರುವವರ ಮಾತು ಬೇರೆ. ಅವರು ಡಾಕ್ಟರನ್ನು ಕೇಳದೆ ಡಬ್ಬಿ ಮುಟ್ಟಬಾರದು. ಉಳಿದವರು ರಕ್ತ ಕೊಡುವ ಮುಂಚೆ ಪುಡಿ ತಗೊಳ್ಳುವ ವಿಷಯವನ್ನು ಬಾಯಿ ಬಿಟ್ಟು ಹೇಳಿದರೆ ಎರಡನೇ ಪರೀಕ್ಷೆಯ ದುಡ್ಡು ಉಳಿಯಬಹುದು.