ಚೀನಾದ ಅಂಕಪಟ್ಟಿ: ಅನುವಾದ ಮಾಡಿ, ಮಾರ್ಕ್ಸ್ ಮುಟ್ಟಬೇಡಿ

ಚೀನಾದಲ್ಲಿ ಓದಿ ಮುಗಿಸಿ, ಮುಂದಿನ ಓದಿಗೆ ಜರ್ಮನಿಗೋ ಕೆನಡಾಕ್ಕೋ ಹೊರಟವರು ನನ್ನ ಹತ್ತಿರ ಎರಡು ಕೆಲಸ ಹೇಳುತ್ತಾರೆ. ಪ್ರಮಾಣಪತ್ರವನ್ನು ಇಂಗ್ಲಿಷಿಗೆ ಮಾಡಿಕೊಡಿ ಅನ್ನುವುದು ಒಂದು. ಮಾರ್ಕ್ಸನ್ನು ಆ ದೇಶದ ಲೆಕ್ಕಕ್ಕೆ ಬದಲಾಯಿಸಿ ಹಾಕಿಬಿಡಿ ಅನ್ನುವುದು ಇನ್ನೊಂದು. ಮೊದಲನೆಯದನ್ನು ಸಂತೋಷದಿಂದ ಮಾಡುತ್ತೇನೆ. ಎರಡನೆಯದನ್ನು ಮಾಡುವುದಿಲ್ಲ, ನೀವೂ ಯಾರಿಂದಲೂ ಮಾಡಿಸಬೇಡಿ. ಯಾಕೆ ಅನ್ನುವುದನ್ನು ಒಂದು ನಿಜವಾದ ಲೆಕ್ಕ ಇಟ್ಟುಕೊಂಡೇ ಹೇಳುತ್ತೇನೆ.

ಅದಕ್ಕೆ ಮೊದಲು ಕಾಗದಗಳ ವಿಷಯ. ಚೀನಾದ ವಿಶ್ವವಿದ್ಯಾಲಯ ಪದವಿ ಮುಗಿಸಿದವರಿಗೆ ಎರಡು ಪ್ರಮಾಣಪತ್ರ ಕೊಡುತ್ತದೆ. ಕೋರ್ಸ್ ಮುಗಿಸಿದ್ದಕ್ಕೆ ‘ಬೀಯೆ ಜಂಗ್‌ಷು’, ಪದವಿ ಸಿಕ್ಕಿದ್ದಕ್ಕೆ ‘ಶುಯೆವೇ ಜಂಗ್‌ಷು’. ನಮ್ಮಲ್ಲಿ ಒಂದೇ ಕಾನ್ವೊಕೇಶನ್ ಸರ್ಟಿಫಿಕೇಟ್ ನೋಡಿ ಅಭ್ಯಾಸ ಇರುವವರು ಒಂದನ್ನು ಮಾತ್ರ ಅನುವಾದ ಮಾಡಿಸಿ ಕಳಿಸುತ್ತಾರೆ, ಅರ್ಜಿ ಅಲ್ಲೇ ನಿಂತುಬಿಡುತ್ತದೆ. ಎರಡೂ ಬೇಕು. ಮೂರು ವರ್ಷದ ‘ಜುವಾನ್‌ಕ’ ಕೋರ್ಸ್ ಮಾಡಿದವರಿಗೆ ಮೊದಲನೆಯದು ಮಾತ್ರ ಸಿಗುತ್ತದೆ, ಪದವಿ ಸಿಗುವುದಿಲ್ಲ. ಅದನ್ನು ಅನುವಾದದಲ್ಲಿ ‘ಬ್ಯಾಚುಲರ್’ ಅಂತ ಬರೆದರೆ ಅದು ಸುಳ್ಳು ದಾಖಲೆಯೇ ಆಗುತ್ತದೆ. ‘ವಯಸ್ಕರ ಉನ್ನತ ಶಿಕ್ಷಣ’ ಅಂತ ಇರುವ ಪದವನ್ನು ಬಿಟ್ಟುಬಿಡುವುದೂ ಅಷ್ಟೇ. ಆ ಪದ ನೋಡಿಯೇ ಓದಿನ ತೂಕ ಅಳೆಯುವ ಸಂಸ್ಥೆಗಳಿವೆ.

ಹಳೆಯ ಪದವಿ ಪತ್ರದಲ್ಲಿ ‘ಚೀನಾ ಜನವಾದಿ ಗಣರಾಜ್ಯದ ಪದವಿ ನಿಯಮಾವಳಿಯ ಪ್ರಕಾರ’ ಎಂಬ ಸಾಲು ಇರುತ್ತದೆ. 2025ರ ಜನವರಿ 1ರಿಂದ ಹೊಸ ಪದವಿ ಕಾನೂನು ಬಂದಿದೆ. ಹಾಗಂತ ಹಳೆಯ ಪತ್ರದ ಅನುವಾದದಲ್ಲಿ ಹೊಸ ಕಾನೂನಿನ ಹೆಸರು ಹಾಕುವಂತಿಲ್ಲ. ಕಾಗದದಲ್ಲಿ ಏನಿದೆಯೋ ಅದೇ ಬರಬೇಕು. ಹೆಸರು ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಚೀನೀ ಲಿಪಿಯಲ್ಲಿ ಬರೆದ ನಮ್ಮ ಹೆಸರನ್ನು ಉಚ್ಚಾರ ನೋಡಿ ಮತ್ತೆ ಇಂಗ್ಲಿಷಿಗೆ ತಂದರೆ ಅದು ಬೇರೆ ಯಾರದೋ ಹೆಸರು ಆಗಿಹೋಗುತ್ತದೆ.

ಈಗ ಅಂಕಪಟ್ಟಿ. ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ಚೀನೀ ಮಾಧ್ಯಮದಲ್ಲೇ ಸಾಫ್ಟ್‌ವೇರ್ ಎಂಜಿನಿಯರಿಂಗ್ ಮುಗಿಸಿ, ಜರ್ಮನಿಯಲ್ಲಿ ಸ್ನಾತಕೋತ್ತರ ಓದಲು ಅರ್ಜಿ ಹಾಕುತ್ತಿದ್ದ. ಅವನ ಸರಾಸರಿ ನೂರಕ್ಕೆ 82.6. ಅದರ ಕೆಳಗೇ ಸರಾಸರಿ ಗ್ರೇಡ್ ಪಾಯಿಂಟ್ 3.26 ಅಂತ ಅಚ್ಚಾಗಿತ್ತು. ಅವನ ಏಜೆಂಟ್ ಮಾಡಿಸಿದ ಕರಡು ಅನುವಾದದಲ್ಲಿ ಇದು ‘4ಕ್ಕೆ 3.26’ ಆಗಿತ್ತು. ಮೂಲದಲ್ಲಿ ‘4ಕ್ಕೆ’ ಅಂತ ಎಲ್ಲೂ ಇರಲಿಲ್ಲ.

ಹಾಳೆ ತಿರುಗಿಸಿದರೆ ಉತ್ತರ ಅಲ್ಲೇ ಇತ್ತು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಆ ವಿಶ್ವವಿದ್ಯಾಲಯದ ಲೆಕ್ಕ ಕೊಟ್ಟಿದ್ದರು. ಮಾರ್ಕ್ಸಿನಲ್ಲಿ 50 ಕಳೆದು 10ರಿಂದ ಭಾಗಿಸಬೇಕು. ಅಂದರೆ 60ಕ್ಕೆ 1.0, 100ಕ್ಕೆ 5.0. ಅವನ 3.26 ಐದಕ್ಕೆ ಬಂದದ್ದು, ನಾಲ್ಕಕ್ಕಲ್ಲ. ಚೀನಾದಲ್ಲಿ ಎಲ್ಲ ಕಡೆ ಒಂದೇ ಲೆಕ್ಕ ಇಲ್ಲ. ಪೀಕಿಂಗ್ ವಿಶ್ವವಿದ್ಯಾಲಯದ ಸೂತ್ರವೇ ಬೇರೆ:

```
4 − 3 × (100 − X)² / 1600
```

ಇಲ್ಲಿ `X` ಅಂದರೆ ಆ ವಿಷಯದಲ್ಲಿ ಬಂದ ಅಂಕ. ಒಂದು ವಿಷಯದಲ್ಲಿ 82 ಬಂದರೆ ಈ ಸೂತ್ರದಲ್ಲಿ ನಾಲ್ಕಕ್ಕೆ ಸುಮಾರು 3.39 ಆಗುತ್ತದೆ. ನಮ್ಮ ಹುಡುಗನ ವಿಶ್ವವಿದ್ಯಾಲಯದಲ್ಲಿ ಅದೇ 82ಕ್ಕೆ ಐದಕ್ಕೆ 3.2. ಅದಕ್ಕೇ ಹೇಳುವುದು, ಹಿಂಬದಿಯ ಆ ಸಣ್ಣ ಅಕ್ಷರಗಳನ್ನು ಒಂದು ಸಾಲೂ ಬಿಡದೆ ಅನುವಾದ ಮಾಡಬೇಕು. ಅದಿಲ್ಲದೆ ಮುಂಬದಿಯ ಅಂಕಿಗಳಿಗೆ ಅರ್ಥವೇ ಇಲ್ಲ.

ಜರ್ಮನಿಯವರು ಹೊರದೇಶದ ಮಾರ್ಕ್ಸನ್ನು ತಮ್ಮ ಗ್ರೇಡಿಗೆ ತರಲು ಸಾಮಾನ್ಯವಾಗಿ ಬಳಸುವುದು ಪರಿಷ್ಕೃತ ಬವೇರಿಯನ್ ಸೂತ್ರ. ಅಲ್ಲಿ 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಅಂದರೆ ಬರೀ ಪಾಸ್.

```
1 + 3 × (Nmax − Nd) / (Nmax − Nmin)
```

`Nmax` ಗರಿಷ್ಠ ಅಂಕ, `Nmin` ಪಾಸಾಗಲು ಬೇಕಾದ ಕನಿಷ್ಠ ಅಂಕ, `Nd` ನಿಮಗೆ ಬಂದದ್ದು. ಹುಡುಗನ ಲೆಕ್ಕ ಹಾಕೋಣ. ನೂರರಿಂದ 82.6 ಕಳೆದರೆ 17.4. ಚೀನಾದಲ್ಲಿ ಪಾಸ್ ಮಾರ್ಕ್ 60, ನೂರರಿಂದ ಅದನ್ನು ಕಳೆದರೆ 40. 17.4ನ್ನು ಈ 40ರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿದರೆ 2.3. ಐದರ ಲೆಕ್ಕದಲ್ಲಿ 3.26 ಹಾಕಿ, ಪಾಸಿಗೆ 1.0 ಹಿಡಿದರೂ ಅದೇ 2.3 ಬರುತ್ತದೆ. ಎರಡೂ ತಾಳೆಯಾದರೆ ಹಿಂಬದಿಯ ಲೆಕ್ಕವನ್ನು ಸರಿಯಾಗಿ ಓದಿದ್ದೇವೆ ಎಂದರ್ಥ.

ಏಜೆಂಟನ ಕರಡಿನಂತೆ ನಾಲ್ಕಕ್ಕೆ 3.26 ಅಂತ ಹಿಡಿದರೆ ಸುಮಾರು 1.7 ಬರುತ್ತದೆ. ನಮ್ಮವರು ಮಾಡುವ ಇನ್ನೊಂದು ತಪ್ಪು, ಪಾಸ್ ಮಾರ್ಕನ್ನು 40 ಅಂದುಕೊಳ್ಳುವುದು. ಹಾಗೆ ಮಾಡಿದರೆ ಸುಮಾರು 1.9. ನಮಗೆ 60 ಅಂದರೆ ಫಸ್ಟ್ ಕ್ಲಾಸ್, ಅಲ್ವಾ? ಚೀನಾದಲ್ಲಿ 60 ಬಂದರೆ ಪಾಸ್, ಅಷ್ಟೇ. ಈ ತಪ್ಪುಗಳಲ್ಲಿ ವಿದ್ಯಾರ್ಥಿಗೆ ಲಾಭ ಇದ್ದಂತೆ ಕಾಣುತ್ತದೆ. ಆದರೆ ಪ್ರವೇಶ ವಿಭಾಗದವರ ಎದುರು ಮೂಲ ಪ್ರತಿಯೂ ಇರುತ್ತದೆ. ಅಂಕಿ ತಾಳೆಯಾಗದಿದ್ದರೆ ಅವರು ತಪ್ಪು ಲೆಕ್ಕ ಅನ್ನುವುದಿಲ್ಲ, ದಾಖಲೆ ತಿದ್ದಿದ್ದಾರೆ ಅಂದುಕೊಳ್ಳುತ್ತಾರೆ. ಆಮೇಲೆ ಅದನ್ನು ಸರಿಪಡಿಸುವುದು ತುಂಬಾ ಕಷ್ಟ.

ಅವನ ಪಟ್ಟಿಯಲ್ಲಿ ಇನ್ನೊಂದು ತೊಡಕಿತ್ತು. ದೈಹಿಕ ಶಿಕ್ಷಣ, ಪ್ರಾಯೋಗಿಕ ತರಬೇತಿಯಂಥ ಕೆಲವು ವಿಷಯಗಳಿಗೆ ಅಂಕಿಯೇ ಇರಲಿಲ್ಲ, ಮಾತಿನಲ್ಲಿ ಗ್ರೇಡ್ ಇತ್ತು. ಚೀನಾದಲ್ಲಿ ಇಂಥ ಐದು ಗ್ರೇಡ್ ಇವೆ: ಅತ್ಯುತ್ತಮ, ಉತ್ತಮ, ಮಧ್ಯಮ, ಪಾಸ್, ಫೇಲ್. ಇವಕ್ಕೆ ಎಷ್ಟು ಅಂಕ ಅನ್ನುವುದೂ ಆಯಾ ವಿಶ್ವವಿದ್ಯಾಲಯದ ತೀರ್ಮಾನ. ಒಂದು ಕಡೆ ಅತ್ಯುತ್ತಮಕ್ಕೆ 95, ಉತ್ತಮಕ್ಕೆ 85 ಹಿಡಿದರೆ, ಇನ್ನೊಂದು ಕಡೆ 90 ಮತ್ತು 80. ಒಂದು ಸೆಮಿಸ್ಟರಿನಲ್ಲಿ ಐದು ಕ್ರೆಡಿಟ್ಟಿನ ಗಣಿತಕ್ಕೆ 78, ನಾಲ್ಕು ಕ್ರೆಡಿಟ್ಟಿನ ಡೇಟಾ ಸ್ಟ್ರಕ್ಚರ್ಸ್‌ಗೆ 86, ಎರಡು ಕ್ರೆಡಿಟ್ಟಿನ ತರಬೇತಿಗೆ ಅತ್ಯುತ್ತಮ, ಒಂದು ಕ್ರೆಡಿಟ್ಟಿನ ದೈಹಿಕ ಶಿಕ್ಷಣಕ್ಕೆ ಉತ್ತಮ ಬಂದಿದೆ ಅನ್ನಿ. ಮೊದಲ ಲೆಕ್ಕದಲ್ಲಿ ಸರಾಸರಿ 84.1, ಎರಡನೆಯದರಲ್ಲಿ 82.8. ಜರ್ಮನ್ ಗ್ರೇಡ್ 2.2ರಿಂದ 2.3ಕ್ಕೆ ಇಳಿಯುತ್ತದೆ. ಹಾಗಾಗಿ ನಾನು ಗ್ರೇಡಿನ ಮಾತನ್ನಷ್ಟೇ ಅನುವಾದ ಮಾಡುತ್ತೇನೆ, ಪಕ್ಕದಲ್ಲಿ ಅಂಕಿ ಹಾಕುವುದಿಲ್ಲ. ಹಿಂಬದಿಯಲ್ಲಿ ವಿವರಣೆ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಶೈಕ್ಷಣಿಕ ವಿಭಾಗದಿಂದ, ಅಂದರೆ ‘ಜಿಯಾವ್‌ವು ಚು’ ಕಚೇರಿಯಿಂದ, ಸೀಲು ಹಾಕಿದ ಪತ್ರ ತರಿಸಬೇಕು. ಫೇಲಾಗಿ ಮತ್ತೆ ಬರೆದು ಪಾಸಾದ ವಿಷಯ ಇದ್ದರೆ ಎರಡೂ ಸಾಲು ಉಳಿಯಬೇಕು. ಹಳೆಯ ಸಾಲು ಅಳಿಸಿ ಅಂತ ಕೇಳುವವರು ಇದ್ದಾರೆ, ದಯವಿಟ್ಟು ಕೇಳಬೇಡಿ.

ಎಲ್ಲ ದೇಶಕ್ಕೂ ಬವೇರಿಯನ್ ಸೂತ್ರ ನಡೆಯುವುದಿಲ್ಲ. ಉತ್ತರ ಅಮೆರಿಕದಲ್ಲಿ ಒಂದೊಂದು ವಿಷಯದ ಅಂಕವನ್ನು ಅಕ್ಷರದ ಗ್ರೇಡಿಗೆ ತಂದು, ಕ್ರೆಡಿಟ್ ಲೆಕ್ಕ ಹಾಕಿ ಸರಾಸರಿ ತೆಗೆಯುತ್ತಾರೆ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ನೀವು ಚೀನಾದ ಯಾವ ವಿಶ್ವವಿದ್ಯಾಲಯದಲ್ಲಿ ಓದಿದ್ದೀರಿ ಅನ್ನುವುದನ್ನು ನೋಡಿ, ಒಬ್ಬರಿಗೆ 80 ಸಾಕು, ಇನ್ನೊಬ್ಬರಿಗೆ 85 ಬೇಕು ಅನ್ನುತ್ತವೆ. ಅನುವಾದದಲ್ಲೇ ಒಂದು ಲೆಕ್ಕ ಕೂರಿಸಿಬಿಟ್ಟರೆ ಆ ಹಾಳೆ ಬೇರೆ ಕಡೆಗೆ ಪ್ರಯೋಜನಕ್ಕೆ ಬರುವುದಿಲ್ಲ. ಅರ್ಜಿಯಲ್ಲಿ ಪರಿವರ್ತಿತ ಗ್ರೇಡ್ ಕೇಳಿದ್ದರೆ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಮಾಡಿ, ಯಾವ ಸೂತ್ರ, ಪಾಸ್ ಮಾರ್ಕ್ ಎಷ್ಟು ಅಂತ ಬರೆದು, ನಿಮ್ಮ ಸಹಿ ಹಾಕಿ. ಅನುವಾದಕರ ಸೀಲು ಅದರ ಮೇಲೆ ಬೇಡ.

ಇನ್ನು ಯಾರ ಅನುವಾದ ನಡೆಯುತ್ತದೆ ಎಂಬ ಪ್ರಶ್ನೆ. ಚೀನಾದ ಅನೇಕ ವಿಶ್ವವಿದ್ಯಾಲಯಗಳು ತಾವೇ ಇಂಗ್ಲಿಷ್ ಅಂಕಪಟ್ಟಿ ಕೊಡುತ್ತವೆ. ಕೆಂಪು ಸೀಲಿನ ಆ ಪ್ರತಿ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ, ಮೊದಲು ಅದನ್ನೇ ಕೇಳಿ. ಸಿಗದಿದ್ದರೆ ಚೀನಾದ ನೋಟರಿ ಕಚೇರಿಯಲ್ಲಿ ಅನುವಾದದ ಜೊತೆಗೇ ದೃಢೀಕರಣ ಮಾಡಿಸಬಹುದು. ಜರ್ಮನಿಗೆ ಪ್ರಮಾಣವಚನ ಸ್ವೀಕರಿಸಿದ ಅನುವಾದಕರ ಕೆಲಸ ಬೇಕಾಗುತ್ತದೆ, ನಮ್ಮಲ್ಲಿ ಆ ಪದ್ಧತಿ ಇಲ್ಲ. ಆ ಹುಡುಗನಿಗೂ ಮೊದಲು ವಿಶ್ವವಿದ್ಯಾಲಯಕ್ಕೇ ಬರೆಯಲು ಹೇಳಿದೆ. ಪದವಿ ಅಸಲಿಯೇ ಅಂತ ತೋರಿಸಲು `chsi.com.cn` ತಾಣದ ಪರಿಶೀಲನಾ ವರದಿ ಇಂಗ್ಲಿಷಿನಲ್ಲೂ ಸಿಗುತ್ತದೆ. ಅದನ್ನು ಅನುವಾದಕ್ಕೆ ಮೊದಲೇ ತೆಗೆಸಿಕೊಳ್ಳಿ. ವರದಿಯಲ್ಲಿ ಪದವಿಯ ಹೆಸರು ಇಂಗ್ಲಿಷಿನಲ್ಲಿ ಹೇಗಿದೆಯೋ ಅನುವಾದದಲ್ಲೂ ಹಾಗೇ ಇಟ್ಟರೆ, ಎರಡು ಕಾಗದದಲ್ಲಿ ಎರಡು ಹೆಸರು ಯಾಕೆ ಎಂಬ ಪ್ರಶ್ನೆ ಬರುವುದಿಲ್ಲ.